ಕಣ್ಣು ಬಿಡು, ಬಾಯಿ ಬಿಡು: ಇಇಜಿ ಹಾಳೆಯಲ್ಲಿ ಆಲ್ಫಾ ಯಾವುದು, ಫಿಟ್ಸಿನ ಅಲೆ ಯಾವುದು, ದವಡೆಯ ಸ್ನಾಯು ಯಾವುದು

ಮಂಡ್ಯ ಕಡೆಯ ಒಂದು ಹಳ್ಳಿಯಿಂದ ಅಪ್ಪ ಅಮ್ಮ ಇಬ್ಬರೂ ಮಗಳನ್ನು ಕರೆದುಕೊಂಡು ಮೈಸೂರಿಗೆ ಬಂದಿದ್ದರು. ಹುಡುಗಿಗೆ ಏಳು ವರ್ಷ. ನಾನು ಇಲ್ಲಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಗೆರೆಗಳಾಗಿ ದಾಖಲಿಸುವ ಪರೀಕ್ಷೆ, ತೆಗೆಯುವ ಕೆಲಸ ಮಾಡುತ್ತೇನೆ. ಅಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಹಾಳೆ ಇತ್ತು. ಬೇರೆ ಊರಲ್ಲಿ ತೆಗೆಸಿದ್ದ ಇಇಜಿಯ ಒಂದೇ ಒಂದು ಪುಟ, 10 ಸೆಕೆಂಡಿನದು. ಅದರ ಮೇಲೆ ಎಡಗಿವಿಯ ಮೇಲ್ಗಡೆ ಜಾಗದ ಗೆರೆಗಳಿಗೆ ಯಾರೋ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು.

"ಇದೇ ಫಿಟ್ಸಂತೆ ಮೇಡಂ. ನಾಲ್ಕು ತಿಂಗಳಿಂದ ಮಾತ್ರೆ ಕೊಡ್ತಾ ಇದೀವಿ. ಮುಂಚೆ ದಿನಕ್ಕೆ ಐದಾರು ಸಲ ಮಂಕಾಗಿ ನಿಂತ್ಕೊಳ್ಳೋಳು. ಈಗ ಲೆಕ್ಕಕ್ಕೇ ಸಿಗ್ತಿಲ್ಲ" ಅಂದರು.

ಆ ಹಾಳೆಯನ್ನು ನಾನು ಬಹಳ ಹೊತ್ತು ನೋಡಿದೆ. ಕೆಂಪು ಸುತ್ತಿನೊಳಗೆ ಇದ್ದದ್ದು ನನಗೆ ಫಿಟ್ಸಿನ ಹಾಗೆ ಕಾಣಲಿಲ್ಲ. ಹಲ್ಲು ಕಚ್ಚಿದ ಹಾಗೆ ಕಂಡಿತು. ಯಾಕೆ ಹಾಗೆ ಅನ್ನಿಸಿತು, ಅದನ್ನು ಹೇಗೆ ಪರೀಕ್ಷೆ ಮಾಡಿದೆವು, ನಿಜವಾದ ಫಿಟ್ಸಿನ ಅಲೆ ಕೊನೆಗೆ ಎಲ್ಲಿ ಸಿಕ್ಕಿತು ಅನ್ನೋದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಹಾಳೆಯ ಲೆಕ್ಕ. ತಲೆಯ ಮೇಲೆ ಇಟ್ಟ ಒಂದೊಂದು ಎಲೆಕ್ಟ್ರೋಡಿಗೂ ಒಂದು ಹೆಸರಿದೆ. Fp ಅಂದರೆ ಹಣೆ, F ಅದರ ಹಿಂದಿನ ಭಾಗ, C ನಡು, P ಅದಕ್ಕೂ ಹಿಂದೆ, O ತಲೆಯ ಹಿಂಭಾಗ, T ಕಿವಿಯ ಮೇಲಿನ ಪಕ್ಕ. ಬೆಸ ಸಂಖ್ಯೆ ಇದ್ದರೆ ಎಡಗಡೆ, ಸಮ ಸಂಖ್ಯೆ ಇದ್ದರೆ ಬಲಗಡೆ. z ಇದ್ದರೆ ಬೈತಲೆಯ ನೇರಕ್ಕೆ. ಹಾಳೆಯ ಅಂಚಿನಲ್ಲಿ P3-O1 ಅಂತ ಬರೆದಿದ್ದರೆ, ಆ ಗೆರೆ P3ಗೂ O1ಗೂ ನಡುವಿನ ವೋಲ್ಟೇಜ್ ವ್ಯತ್ಯಾಸ. ಅಷ್ಟು ಗೊತ್ತಿದ್ದರೆ ಗೆರೆ ತಲೆಯ ಯಾವ ಭಾಗದ್ದು ಅಂತ ತಿಳಿಯುತ್ತದೆ. ಇಇಜಿಯಲ್ಲಿ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಇನ್ನು ಸಮಯ. ಹಳೆಯ ಕಾಗದದ ಮೆಷಿನ್ನಿನಲ್ಲಿ ಒಂದು ಸೆಕೆಂಡಿಗೆ 30 ಮಿಲಿಮೀಟರ್ ಕಾಗದ ಓಡುತ್ತಿತ್ತು. ಈಗ ಪ್ರಿಂಟ್ ಹಾಕುವಾಗ ಹಾಳೆಯ ಅಳತೆಗೆ ತಕ್ಕಂತೆ ಪುಟ ಸ್ವಲ್ಪ ಕುಗ್ಗುತ್ತದೆ. ಅದಕ್ಕೇ ನಾನು ಮೊದಲು ಮಕ್ಕಳ ಸ್ಕೇಲ್ ಇಟ್ಟು, ಒಂದು ಉದ್ದಗೆರೆಯಿಂದ ಇನ್ನೊಂದು ಉದ್ದಗೆರೆಗೆ ಎಷ್ಟು ಅಂತ ಅಳೆಯುತ್ತೇನೆ. ಆ ಅಪ್ಪ ತಂದ ಹಾಳೆಯಲ್ಲಿ ಒಂದು ಸೆಕೆಂಡು 27 ಮಿಲಿಮೀಟರ್ ಇತ್ತು.

ಮೊದಲು ಕಣ್ಣು ಹೋಗಬೇಕಾದದ್ದು ತಲೆಯ ಹಿಂಭಾಗದ ಗೆರೆಗಳಿಗೆ, ಅಂದರೆ P3-O1, P4-O2 ಕಡೆಗೆ. ಅಲ್ಲಿ ಆ ಹುಡುಗಿಯ ಆಲ್ಫಾ ಚೆನ್ನಾಗಿ ಕಾಣುತ್ತಿತ್ತು. ದುಂಡಗಿನ ತುದಿ, ಒಂದೇ ಅಳತೆಯ ಅಂತರ. ಟೈಲರ್ ಅಂಗಡಿಯಲ್ಲಿ ಅಂಚು ಹೊಲಿದ ಹಾಗೆ, ಒಂದರ ಪಕ್ಕ ಒಂದು. ಒಂದು ತುದಿಯಿಂದ ಮುಂದಿನ ತುದಿಗೆ ಸ್ಕೇಲ್ ಇಟ್ಟರೆ 3 ಮಿಲಿಮೀಟರ್. 27ರಲ್ಲಿ 3 ಎಷ್ಟು ಸಲ ಹಿಡಿಸುತ್ತದೆ? ಒಂಬತ್ತು ಸಲ. ಅಂದರೆ ಸೆಕೆಂಡಿಗೆ 9 ಅಲೆ. ಆಲ್ಫಾ ಅಂತ ಕರೆಯುವುದು ಸೆಕೆಂಡಿಗೆ 8ರಿಂದ 13 ಅಲೆಗಳಿಗೆ. ಏಳು ವರ್ಷದ ಮಗುವಿಗೆ 9 ಸರಿಯಾಗೇ ಇದೆ. ಮೂರು ವರ್ಷದ ಹೊತ್ತಿಗೆ ಅದು 8ರ ಹತ್ತಿರ ಬರುತ್ತದೆ. ಹತ್ತು ವರ್ಷ ದಾಟುವ ಹೊತ್ತಿಗೆ 10ರ ಆಸುಪಾಸು ನಿಲ್ಲುತ್ತದೆ.

ಆದರೆ ವೇಗ ಒಂದನ್ನೇ ನೋಡಿ ಆಲ್ಫಾ ಅನ್ನಬಾರದು. ಕಣ್ಣು ಮುಚ್ಚಿ, ಎಚ್ಚರವಾಗಿ, ಸುಮ್ನೆ ಮಲಗಿದ್ದಾಗ ಅದು ಬರುತ್ತದೆ. ಕಣ್ಣು ಬಿಟ್ಟ ತಕ್ಷಣ ಹೋಗುತ್ತದೆ. ನೋಡುವ ಕೆಲಸದ ಮಿದುಳಿನ ಭಾಗ ಹಿಂದಲೆಯಲ್ಲಿದೆ. ನೋಡುವುದಕ್ಕೆ ಏನೂ ಇಲ್ಲದಿದ್ದಾಗ ಅಲ್ಲಿನ ಲಕ್ಷಾಂತರ ನರಕೋಶಗಳು ಒಂದೇ ತಾಳಕ್ಕೆ ಏರಿಳಿಯುತ್ತವೆ. ಎಲ್ಲ ಒಟ್ಟಿಗೆ ಏರಿಳಿದರೆ ಮಾತ್ರ ತಲೆಬುರುಡೆಯ ಹೊರಗೆ ನಮಗೆ ಅಲೆ ಕಾಣುವುದು. ಕಣ್ಣಿಗೆ ಬೆಳಕು ಬಿದ್ದರೆ ಒಂದೊಂದು ಕೋಶಕ್ಕೂ ಅದರದೇ ಕೆಲಸ ಬರುತ್ತದೆ. ತಾಳ ಒಡೆಯುತ್ತದೆ, ಗೆರೆ ಚಪ್ಪಟೆಯಾಗುತ್ತದೆ. ಜರ್ಮನಿಯ ಯೇನಾ ಊರಿನ ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯರ ಇಇಜಿಯನ್ನು ಮೊದಲ ಸಲ ಪ್ರಕಟಿಸಿದ್ದರು. ಕಣ್ಣು ಬಿಟ್ಟರೆ ಆಲ್ಫಾ ಮಾಯವಾಗುವುದನ್ನು ಗುರುತಿಸಿದವರೂ ಅವರೇ.

ಹಾಗಾಗಿ ಮುದ್ರಿತ ಹಾಳೆಯಲ್ಲಿ EO, EC ಅನ್ನೋ ಗುರುತು ಇದೆಯಾ ಅಂತ ಹುಡುಕಬೇಕು. EO ಅಂದರೆ ಕಣ್ಣು ಬಿಟ್ಟದ್ದು, EC ಅಂದರೆ ಮುಚ್ಚಿದ್ದು. ಆ ಗುರುತಿನ ಎರಡೂ ಕಡೆ O1, O2 ಬದಲಾಗಿದ್ದರೆ ಅದು ಆಲ್ಫಾ. ಗುರುತು ಇಲ್ಲದಿದ್ದರೂ ಹಣೆಯ Fp1, Fp2 ಗೆರೆ ನೋಡಬಹುದು. ಕಣ್ಣು ಮಿಟುಕಿಸಿದಾಗ ಅವೆರಡೂ ಒಟ್ಟಿಗೆ ದೊಡ್ಡದಾಗಿ ಕೆಳಕ್ಕೆ ಬಾಗಿ ಮೇಲೇಳುತ್ತವೆ. ಒಂದು ಎಚ್ಚರಿಕೆ ಮಾತ್ರ ಇದೆ. ತೂಕಡಿಕೆ ಬಂದರೂ ಆಲ್ಫಾ ಕರಗುತ್ತದೆ. ಬಸ್ಸಿನಲ್ಲಿ ಎರಡು ಗಂಟೆ ಕೂತು ಬಂದ ಮಗು ಮಲಗಿದ ಐದು ನಿಮಿಷಕ್ಕೇ ಜೋಂಪು ಹತ್ತುತ್ತದೆ. ಆಗ ಆಲ್ಫಾ ಇಲ್ಲ ಅಂತ ಗಾಬರಿ ಪಡಬೇಕಿಲ್ಲ. ಎಬ್ಬಿಸಿ ಮಾತಾಡಿಸಿದರೆ ವಾಪಸ್ ಬರುತ್ತದೆ.

ಈಗ ಆ ಕೆಂಪು ಸುತ್ತಿಗೆ ಬರೋಣ. ಅದು ಇದ್ದದ್ದು F7-T3, T3-T5 ಗೆರೆಗಳಲ್ಲಿ. ಚೂಪುಚೂಪಾಗಿ ನಾಲ್ಕೈದು ಮೊನೆಗಳು. ನೋಡಿದವರಿಗೆ ಹೆದರಿಕೆ ಆಗುವ ಹಾಗೇ ಇದ್ದವು.

ಒಂದು ಕೆಲಸ ಮಾಡಿ. ಕಿವಿಗೂ ಹಣೆಗೂ ನಡುವಿನ ಜಾಗದಲ್ಲಿ ಎರಡು ಬೆರಳಿಟ್ಟು ಹಲ್ಲು ಕಚ್ಚಿ. ಬೆರಳಿನ ಕೆಳಗೆ ಏನೋ ಉಬ್ಬುತ್ತದೆ ಅಲ್ವಾ? ಕಬ್ಬು ಸಿಗಿಯುವಾಗ ನೋಯುವುದು ಅದೇ ಸ್ನಾಯು. ಅದು ದವಡೆಯಿಂದ ಹೊರಟು ತಲೆಯ ಪಕ್ಕದಲ್ಲಿ ಬೀಸಣಿಗೆಯ ಹಾಗೆ ಹರಡಿಕೊಂಡಿದೆ. T3, T4 ಎಲೆಕ್ಟ್ರೋಡುಗಳನ್ನು ನಾವು ಅಂಟಿಸುವುದು ಅದರ ಮೇಲೇ. ಮಿದುಳಿನ ಅಲೆ ಬುರುಡೆಯ ಮೂಳೆ ದಾಟಿ ಬರುವ ಹೊತ್ತಿಗೆ ಮೈಕ್ರೋವೋಲ್ಟಿನ ಲೆಕ್ಕಕ್ಕೆ ಇಳಿದಿರುತ್ತದೆ. ಸ್ನಾಯುವಿಗೆ ಮೂಳೆಯ ಅಡ್ಡಿ ಇಲ್ಲ, ಚರ್ಮದ ಕೆಳಗೇ ಇದೆ. ಅದಕ್ಕೇ ಮಗು ಸ್ವಲ್ಪ ಹಲ್ಲು ಬಿಗಿದರೂ ಸಾಕು, ಗೆರೆ ಕಪ್ಪಾಗಿಬಿಡುತ್ತದೆ.

ಸ್ನಾಯುವಿನ ಗೆರೆ ಹೇಗಿರುತ್ತದೆ ಅಂದರೆ, ಕಡ್ಡಿಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಿದ ಹಾಗೆ. ಒಂದೊಂದು ಕಡ್ಡಿಯೂ 20 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನದು. ನಮ್ಮ ಹಾಳೆಯ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್. ಸ್ಕೇಲಿನಲ್ಲಿ ಅಳೆಯೋಕೇ ಆಗುವುದಿಲ್ಲ. ಒಂದರಂತೆ ಇನ್ನೊಂದು ಇರುವುದಿಲ್ಲ. ಮೊನೆ ಬಂದ ಮೇಲೆ ಹಿಂದೆ ನಿಧಾನದ ಅಲೆ ಬರುವುದಿಲ್ಲ. ನೆತ್ತಿಯ ಮೇಲಿನ Fz-Cz, Cz-Pz ಗೆರೆಗಳು ಆ ಹೊತ್ತಿನಲ್ಲೂ ಹೆಚ್ಚುಕಡಿಮೆ ಸ್ವಚ್ಛವಾಗಿರುತ್ತವೆ. ಯಾಕೆಂದರೆ ನೆತ್ತಿಯ ಕೆಳಗೆ ಹೇಳಿಕೊಳ್ಳುವಂಥ ಸ್ನಾಯು ಇಲ್ಲ.

ಹಾಗಾದರೆ ಆ ಹಾಳೆಯಲ್ಲಿ ಪೊರಕೆಯ ಬದಲು ನಾಲ್ಕೈದು ಬಿಡಿ ಮೊನೆ ಯಾಕೆ ಕಂಡವು? ಉತ್ತರ ಹಾಳೆಯ ಕೆಳ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿತ್ತು. HF 15 Hz. ಅಂದರೆ ಸೆಕೆಂಡಿಗೆ 15ಕ್ಕಿಂತ ಜಾಸ್ತಿ ವೇಗದ್ದನ್ನೆಲ್ಲ ತಗ್ಗಿಸುವ ಫಿಲ್ಟರ್ ಹಾಕಿದ್ದರು. ಮಾಮೂಲಿಯಾಗಿ ನಾವು ಇಡುವುದು 70. ಗೆರೆ ಕಪ್ಪಾಗಿದೆ, ಚೊಕ್ಕ ಕಾಣಲಿ ಅಂತ ಕೆಲವರು 15ಕ್ಕೆ ಇಳಿಸುತ್ತಾರೆ. ಅಲ್ಲೇ ಮೋಸ ಆಗುವುದು. ಫಿಲ್ಟರ್ ಸ್ನಾಯುವನ್ನು ಪೂರ್ತಿ ತೆಗೆಯುವುದಿಲ್ಲ. ಕಡ್ಡಿಗಳನ್ನು ಒಟ್ಟುಗೂಡಿಸಿ, ತುದಿ ಮೊಂಡು ಮಾಡಿ, ಮಿದುಳಿನ ಮೊನೆಯ ವೇಷ ಹಾಕಿಸುತ್ತದೆ. ಕಂಪ್ಯೂಟರಿನಲ್ಲಿ ಆಗಿದ್ದರೆ 70ಕ್ಕೆ ವಾಪಸ್ ಏರಿಸಿ ಪೊರಕೆಯನ್ನು ನೋಡಬಹುದಿತ್ತು. ಮುದ್ರಿತ ಹಾಳೆಯಲ್ಲಿ ಆ ದಾರಿ ಮುಚ್ಚಿಹೋಗಿರುತ್ತದೆ. ವಾಟ್ಸಾಪಿನಲ್ಲಿ ಬರುವ ಫೋಟೋಗಳಲ್ಲಂತೂ ಈ ಕೆಳ ಅಂಚೇ ಕತ್ತರಿಸಿ ಹೋಗಿರುತ್ತದೆ. ಇಇಜಿ ಪುಟದ ಫೋಟೋ ಯಾರಿಗಾದರೂ ಕಳಿಸುವುದಾದರೆ ದಯವಿಟ್ಟು ನಾಲ್ಕೂ ಅಂಚು ಬರುವ ಹಾಗೆ ತೆಗೆಯಿರಿ.

ಹಾಳೆಯಲ್ಲಿ ಇನ್ನೂ ಎರಡು ಸುಳಿವು ಇದ್ದವು. ಸುತ್ತು ಹಾಕಿದ ಮೊನೆಗಳ ನೇರ ಕೆಳಗೆ P3-O1 ಗೆರೆಯಲ್ಲಿ ಆಲ್ಫಾ ಒಂದು ಹೊಲಿಗೆಯೂ ತಪ್ಪದೆ ಸಾಗುತ್ತಿತ್ತು. ಆಮೇಲೆ, ಆ ಮೊನೆಗಳ ಹಿಂದೆ ನಿಧಾನದ ಅಲೆ ಒಂದಕ್ಕೂ ಇರಲಿಲ್ಲ. ಇವು ಮಾತ್ರವೇ ಸಾಕ್ಷಿ ಅಂತ ನಾನು ಹೇಳುವುದಿಲ್ಲ. ನಿಜವಾದ ಮೊನೆಯೂ ಒಮ್ಮೊಮ್ಮೆ ಒಂದೇ ಜಾಗದಲ್ಲಿ ಸಣ್ಣದಾಗಿ ಬಂದು ಹೋಗುತ್ತದೆ. ಅದಕ್ಕೇ ಮತ್ತೆ ಇಇಜಿ ತೆಗೆಯಬೇಕು ಅಂತ ನಮ್ಮ ನ್ಯೂರಾಲಜಿ ಡಾಕ್ಟರು ಬರೆದುಕೊಟ್ಟರು.

ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಎರಡು ಜಡೆ ಬಿಗಿದು ಕರೆದುಕೊಂಡು ಬಂದಿದ್ದರು. ಎಣ್ಣೆ ಇದ್ದರೆ ಪೇಸ್ಟ್ ಹಿಡಿಯುವುದಿಲ್ಲ, ಎಲೆಕ್ಟ್ರೋಡ್ ಅಲುಗಿದರೆ ಅದೇ ಒಂದು ಸುಳ್ಳು ಮೊನೆ ಹುಟ್ಟಿಸುತ್ತದೆ. ಮರುದಿನ ತಲೆಸ್ನಾನ ಮಾಡಿಸಿ ಕರೆದುಕೊಂಡು ಬರಲು ಹೇಳಿದೆ.

ಮರುದಿನ ಮಲಗಿಸಿ ಶುರು ಮಾಡಿದೆ. ಫಿಲ್ಟರ್ 70. ಎರಡನೇ ನಿಮಿಷಕ್ಕೇ T3 ಹತ್ತಿರ ಪೊರಕೆ ಎದ್ದಿತು. ಹುಡುಗಿ ಹೊಸ ಜಾಗ ನೋಡಿ ಹಲ್ಲು ಬಿಗಿಹಿಡಿದಿದ್ದಳು. "ಎಲ್ಲಿ ಪುಟ್ಟಿ, ಬಾಯಿ ಸ್ವಲ್ಪ ಬಿಡು, ಆಕಳಿಸೋ ಥರ" ಅಂದೆ. ಬಾಯಿ ಬಿಟ್ಟಳು. ಪೊರಕೆ ಮಾಯವಾಯಿತು. ಮತ್ತೆ ಕಚ್ಚು ಅಂದೆ, ಬಂತು. ಒಂದು ಸಲ ಆ ಗೆರೆಯ ಫಿಲ್ಟರನ್ನು 15ಕ್ಕೆ ಇಳಿಸಿ ನೋಡಿದೆ. ಕೆಂಪು ಸುತ್ತಿನೊಳಗಿದ್ದದ್ದೇ ಪರದೆಯ ಮೇಲೆ ನಿಂತಿತ್ತು. ಅಪ್ಪನನ್ನು ಕರೆದು ತೋರಿಸಿದೆ. ಅವರು ಏನೂ ಮಾತಾಡಲಿಲ್ಲ, ಹಾಳೆಯನ್ನು ಪರದೆಯ ಪಕ್ಕ ಹಿಡಿದು ಎರಡನ್ನೂ ನೋಡಿದರು.

ಆದರೆ ಹುಡುಗಿ ಮಂಕಾಗುವುದು ಸುಳ್ಳಲ್ಲವಲ್ಲ. ಕಾಪಿ ಬರೆಯುತ್ತಾ ಬರೆಯುತ್ತಾ ಪೆನ್ಸಿಲ್ ನಿಂತುಬಿಡುತ್ತದೆ, ಹತ್ತು ಹದಿನೈದು ಸೆಕೆಂಡು ಬಿಟ್ಟು ಏನೂ ಆಗದವಳ ಹಾಗೆ ಮುಂದುವರಿಸುತ್ತಾಳೆ ಅಂತ ಶಾಲೆಯ ಮೇಷ್ಟ್ರು ಹೇಳಿದ್ದರು. ಇದನ್ನು ಹಿಡಿಯಲು ಒಂದು ಸುಲಭ ದಾರಿ ಇದೆ. ಮೂರು ನಿಮಿಷ ಜೋರಾಗಿ ಉಸಿರು ಬಿಡಿಸುವುದು. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಈ ತರಹದ ಫಿಟ್ಸ್ ಇರುವ, ಸರಿಯಾದ ಔಷಧಿ ಸಿಗದ ಮಕ್ಕಳಲ್ಲಿ ಬಹುಪಾಲು ಜನರಿಗೆ ಆಗ ಅದು ಕಾಣಿಸಿಕೊಳ್ಳುತ್ತದೆ. ಹೃದಯದ ಅಥವಾ ಶ್ವಾಸಕೋಶದ ದೊಡ್ಡ ತೊಂದರೆ ಇದ್ದವರಿಗೆ ನಾವು ಇದನ್ನು ಮಾಡಿಸುವುದಿಲ್ಲ. ಮೊದಲೇ ಕೇಳಿಕೊಳ್ಳುತ್ತೇವೆ.

ಮಕ್ಕಳಿಗೆ ನಾನು ಕಾಗದದ ಗಿರಗಿಟ್ಲೆ ಕೊಡುತ್ತೇನೆ. "ಇದು ನಿಲ್ಲಬಾರದು, ಊದ್ತಾನೇ ಇರು" ಅಂದೆ. ಉತ್ಸಾಹದಿಂದ ಊದಿದಳು. ಒಂದೂವರೆ ನಿಮಿಷ ಆಗುವ ಹೊತ್ತಿಗೆ ಎಲ್ಲ ಗೆರೆಗಳೂ ನಿಧಾನವಾಗಿ ದೊಡ್ಡದಾಗುತ್ತಾ ಬಂದವು. ಇದನ್ನು ನೋಡಿ ಮೋಸ ಹೋಗಬಾರದು. ಜೋರಾಗಿ ಉಸಿರು ಬಿಡುವ ಎಷ್ಟೋ ಆರೋಗ್ಯವಂತ ಮಕ್ಕಳಲ್ಲೂ ಹೀಗೆ ಆಗುತ್ತದೆ. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ದುಂಡನೆಯ ಅಲೆ ಅದು, ಮೊನೆ ಇರುವುದಿಲ್ಲ.

ಎರಡು ನಿಮಿಷ ಹತ್ತನೇ ಸೆಕೆಂಡಿಗೆ ಗಿರಗಿಟ್ಲೆ ನಿಂತಿತು.

ಆ 10 ಸೆಕೆಂಡಿನ ಪುಟವನ್ನೇ ನಾನು ಹೊಸದಾಗಿ ಕೆಲಸಕ್ಕೆ ಬರುವವರಿಗೆ ತೋರಿಸುವುದು. ಮೊದಲ ಮೂರು ಸೆಕೆಂಡು ಹಿಂದಲೆಯಲ್ಲಿ ಆಲ್ಫಾ, ನಡುನಡುವೆ ಆ ನಿಧಾನದ ಅಲೆ. ಮೂರನೇ ಉದ್ದಗೆರೆಯ ಹತ್ತಿರ, ಮುನ್ಸೂಚನೆ ಇಲ್ಲದೆ, ಎಲ್ಲ ಗೆರೆಗಳೂ ಒಟ್ಟಿಗೆ ಎದ್ದವು. ಎಡಗಡೆಯದೂ ಬಲಗಡೆಯದೂ ಒಂದೇ ಕ್ಷಣಕ್ಕೆ. ಮೊದಲು ಒಂದು ಚೂಪು ಮೊನೆ, ಅದಕ್ಕೆ ಅಂಟಿಕೊಂಡ ಹಾಗೆ ಒಂದು ದೊಡ್ಡ ದುಂಡು ಅಲೆ. ಮತ್ತೆ ಮೊನೆ, ಮತ್ತೆ ದುಂಡು. ಮೈಸೂರಿನವರಿಗೆ ಹೇಳುವುದು ಸುಲಭ. ದೇವಸ್ಥಾನದ ಗೋಪುರ, ಪಕ್ಕದಲ್ಲಿ ಅರಮನೆಯ ಗುಮ್ಮಟ. ಗೋಪುರ, ಗುಮ್ಮಟ, ಗೋಪುರ, ಗುಮ್ಮಟ, ಹೀಗೆ ಬೀದಿಯುದ್ದಕ್ಕೂ. ಇದನ್ನೇ ಸ್ಪೈಕ್ ಅಂಡ್ ವೇವ್ ಅನ್ನುವುದು.

ಗೋಪುರದ ಅಗಲ 20ರಿಂದ 70 ಮಿಲಿಸೆಕೆಂಡ್. ಒಂದು ಗೋಪುರದಿಂದ ಮುಂದಿನ ಗೋಪುರಕ್ಕೆ ಅದೇ 27 ಮಿಲಿಮೀಟರಿನ ಅಳತೆಯಲ್ಲಿ ಸುಮಾರು 9 ಮಿಲಿಮೀಟರ್. ಅಂದರೆ ಸೆಕೆಂಡಿಗೆ 3. ನಾನು ಒಂದೊಂದು ಸೆಕೆಂಡಿನಲ್ಲೂ ಎಣಿಸಿದೆ. ಶುರುವಿನಲ್ಲಿ ನಾಲ್ಕರ ಹತ್ತಿರ, ಆಮೇಲೆ ಮೂರು, ಕೊನೆಗೆ ಎರಡೂವರೆ. ಹೀಗೆ ಸ್ವಲ್ಪ ಸ್ವಲ್ಪವೇ ನಿಧಾನವಾಗುವುದು ಇದರ ಗುಣ. ಎತ್ತರ 300 ಮೈಕ್ರೋವೋಲ್ಟ್ ದಾಟಿತ್ತು. ಮಾಮೂಲಿ ಅಳತೆಯಲ್ಲಿ, ಅಂದರೆ ಮಿಲಿಮೀಟರಿಗೆ 7 ಮೈಕ್ರೋವೋಲ್ಟ್ ಇಟ್ಟಾಗ, ಗೆರೆಗಳು ಒಂದರ ಮೇಲೊಂದು ಹತ್ತಿ ಸಿಕ್ಕಾಗುತ್ತವೆ. 20ಕ್ಕೆ ಬದಲಿಸಿದ ಮೇಲೆ ಗೋಪುರ ಬೇರೆ ಗುಮ್ಮಟ ಬೇರೆ ಅಂತ ಬಿಡಿಸಿ ಕಂಡಿತು. ಎಲ್ಲಕ್ಕಿಂತ ಎತ್ತರ ಇದ್ದದ್ದು ತಲೆಯ ಮುಂಭಾಗದ ನಡುವೆ, Fz ಹತ್ತಿರ. ಅಮೆರಿಕದ ಬಾಸ್ಟನ್ನಿನಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸ್ 1935ರಲ್ಲಿ ಮೊದಲು ವಿವರಿಸಿದ ಚಿತ್ರ ಇದೇ.

ಯಾಕೆ ಗೋಪುರ, ಯಾಕೆ ಗುಮ್ಮಟ? ಮಿದುಳಿನ ಹೊರಪದರಕ್ಕೂ ಅದರ ಆಳದಲ್ಲಿರುವ ಥಲಾಮಸ್ಸಿಗೂ ನಡುವೆ ಸುತ್ತುವ ನರಗಳ ಬಳಸುದಾರಿ ಇದೆ. ಲೆಕ್ಕವಿಲ್ಲದಷ್ಟು ಕೋಶಗಳು ಒಂದೇ ಕ್ಷಣಕ್ಕೆ ಸಿಡಿದಾಗ ಗೋಪುರ ಏಳುತ್ತದೆ. ಅದರ ಬೆನ್ನಿಗೇ ಅವೆಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತವೆ. ಆ ತಡೆ ಕಾಲು ಸೆಕೆಂಡಿನಷ್ಟು ಇರುತ್ತದೆ, ಅದೇ ಗುಮ್ಮಟ. ತಡೆ ತೆರವಾದ ಕೂಡಲೇ ಮತ್ತೆ ಒಟ್ಟಿಗೆ ಸಿಡಿಯುತ್ತವೆ. ಈ ಸುತ್ತಿನಲ್ಲಿ ಸಿಕ್ಕಿರುವಷ್ಟು ಹೊತ್ತು ಮಗುವಿಗೆ ಹೊರಗಿನದು ತಲುಪುವುದಿಲ್ಲ.

ಅದನ್ನೂ ಪರೀಕ್ಷೆ ಮಾಡಬೇಕು. ಗಿರಗಿಟ್ಲೆ ನಿಂತ ತಕ್ಷಣ ಅವಳ ಕಿವಿಯ ಹತ್ತಿರ "ಮಲ್ಲಿಗೆ" ಅಂದೆ. ಕಣ್ಣು ಬಿಡು ಅಂದೆ, ಬಾಯಿ ಬಿಡು ಅಂದೆ. ಯಾವುದಕ್ಕೂ ಉತ್ತರ ಇಲ್ಲ. ರೆಪ್ಪೆಗಳು ಮೆಲ್ಲಗೆ ಅದುರುತ್ತಿದ್ದವು. ಐದಾರು ಸೆಕೆಂಡು ಆದ ಮೇಲೆ ಏನೋ ಚಪ್ಪರಿಸುವ ಹಾಗೆ ಬಾಯಿ ಆಡಿಸಿದಳು. ಆಗ T3, T4 ಗೆರೆಗಳ ಗುಮ್ಮಟದ ಮೇಲೆ ಪೊರಕೆ ಹತ್ತಿ ಕೂತಿತು. ಆ ಎರಡು ಗೆರೆ ಮಾತ್ರ ನೋಡಿದವರು ಎಲ್ಲವೂ ದವಡೆಯದೇ ಅಂದುಬಿಡಬಹುದಿತ್ತು. ಜಗಿಯುವಾಗ ಪೊರಕೆ ತಾಳಕ್ಕೆ ಸರಿಯಾಗಿ ಬರುತ್ತದೆ, ನಾಲಗೆ ಹೊರಳಿದರೆ ನಿಧಾನದ ಅಲೆಯೂ ಸೇರುತ್ತದೆ, ಎರಡೂ ಕೂಡಿ ಗೋಪುರ ಗುಮ್ಮಟದ ಹಾಗೇ ತೋರುತ್ತದೆ. ಇಂಥ ಹೊತ್ತಿನಲ್ಲಿ ನೆತ್ತಿಯ ಗೆರೆಗೆ ಹೋಗಬೇಕು. Fz-Czಯಲ್ಲಿ ಪೊರಕೆ ಇರಲಿಲ್ಲ. ಗೋಪುರ ಗುಮ್ಮಟ ಮಾತ್ರ ಸ್ಪಷ್ಟವಾಗಿ ನಡೆದಿತ್ತು.

ಒಟ್ಟು 11 ಸೆಕೆಂಡು. ಮುಂದಿನ ಪುಟದ ನಾಲ್ಕನೇ ಸೆಕೆಂಡಿಗೆ ಕತ್ತರಿಸಿದ ಹಾಗೆ ನಿಂತಿತು. ಒಂದು ಸೆಕೆಂಡಿನೊಳಗೆ ಹಿಂದಲೆಯ ಹೊಲಿಗೆ ವಾಪಸ್ ಬಂತು. ಹುಡುಗಿ ಗಿರಗಿಟ್ಲೆಯನ್ನು ಮತ್ತೆ ಊದಲು ಶುರು ಮಾಡಿದಳು, ನಿಲ್ಲಿಸಿಯೇ ಇರಲಿಲ್ಲ ಅನ್ನುವ ಹಾಗೆ. "ಪುಟ್ಟಿ, ನಾನು ಒಂದು ಹೂವಿನ ಹೆಸರು ಹೇಳಿದೆನಲ್ಲ, ಯಾವುದು?" ಅಂದೆ. "ನೀವೇನೂ ಹೇಳಲೇ ಇಲ್ವಲ್ಲ ಆಂಟಿ" ಅಂದಳು. ಅಮ್ಮ ಕಣ್ಣೊರೆಸಿಕೊಂಡರು.

ಡಾಕ್ಟರು ಪುಟ ನೋಡಿ, ಮಕ್ಕಳಲ್ಲಿ ಬರುವ ಆಬ್ಸೆನ್ಸ್ ಫಿಟ್ಸ್ ಅಂತ ಬರೆದರು. ನಾಲ್ಕು ತಿಂಗಳಿಂದ ಕೊಡುತ್ತಿದ್ದ ಮಾತ್ರೆ ಕಾರ್ಬಮಾಜೆಪಿನ್. ಮಿದುಳಿನ ಒಂದು ಜಾಗದಲ್ಲಿ ಹುಟ್ಟುವ ಫಿಟ್ಸಿಗೆ ಅದು ಒಳ್ಳೆಯ ಔಷಧಿ. ಆದರೆ ಆಬ್ಸೆನ್ಸ್ ಇರುವ ಮಗುವಿನಲ್ಲಿ ಅದನ್ನೇ ಜಾಸ್ತಿ ಮಾಡಬಲ್ಲದು. ಕಿವಿಯ ಮೇಲಿನ ಸ್ನಾಯುವನ್ನು ಮಿದುಳಿನ ಮೊನೆ ಅಂತ ಓದಿದ್ದರಿಂದ ಆ ಮಾತ್ರೆ ಶುರುವಾಗಿತ್ತು. ಆ ಮೊದಲ ಇಇಜಿಯಲ್ಲಿ ಉಸಿರು ಬಿಡಿಸುವ ಪರೀಕ್ಷೆ ಮಾಡಿಸಿರಲೇ ಇಲ್ಲ ಅಂತ ಅಮ್ಮ ಆಮೇಲೆ ಹೇಳಿದರು. ಡಾಕ್ಟರು ಹಳೆಯದನ್ನು ಹಂತಹಂತವಾಗಿ ಇಳಿಸಿ ಎಥೋಸಕ್ಸಿಮೈಡ್ ಶುರು ಮಾಡಿದರು. ಇದನ್ನು ಓದಿ ಯಾರೂ ಮನೆಯಲ್ಲಿ ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಫಿಟ್ಸಿನ ಔಷಧಿ ಒಮ್ಮೆಲೇ ನಿಂತರೆ ದೊಡ್ಡ ಫಿಟ್ಸೇ ಬರಬಹುದು.

ಇನ್ನೊಂದು ಮಾತನ್ನು ಆ ಅಪ್ಪನಿಗೆ ಹೇಳಿದ್ದೆ, ಇಲ್ಲೂ ಹೇಳಬೇಕು. ಇಇಜಿ ಕಡಿಮೆ ಅಂದರೂ 20 ನಿಮಿಷ ತೆಗೆಯುತ್ತೇವೆ. ಅದರಲ್ಲಿ 10 ಸೆಕೆಂಡಿನ ಪುಟಗಳು 120. ಒಂದೇ ಪುಟ ಚೆನ್ನಾಗಿದ್ದರೆ ಫಿಟ್ಸ್ ಇಲ್ಲ ಅಂತ ಆಗುವುದಿಲ್ಲ. 120 ಪುಟಗಳೂ ಚೆನ್ನಾಗಿದ್ದರೂ ಕೆಲವು ತರಹದ ಫಿಟ್ಸ್ ಇರಬಹುದು.

ಮೂರು ತಿಂಗಳಾದ ಮೇಲೆ ಹುಡುಗಿ ಮತ್ತೆ ಬಂದಳು. ಮೂರು ನಿಮಿಷ ಪೂರ್ತಿ ಗಿರಗಿಟ್ಲೆ ನಿಲ್ಲಲಿಲ್ಲ. ಎರಡನೇ ನಿಮಿಷಕ್ಕೆ ನಿಧಾನದ ಅಲೆ ಮೆಲ್ಲಗೆ ಏರಿತು, ಉಸಿರು ಸಾಕು ಅಂದ ಮೇಲೆ ಮೆಲ್ಲಗೆ ಇಳಿಯಿತು. ಗೋಪುರ ಒಂದೂ ಏಳಲಿಲ್ಲ. T3 ಹತ್ತಿರ ಪೊರಕೆ ಮಾತ್ರ ಈ ಸಲವೂ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು "ಬಾಯಿ ಬಿಡ್ಲಾ ಆಂಟಿ?" ಅಂದಳು.